ಒಂದು ಎಕರೆ ಅಡಿಕೆ ತೋಟಕ್ಕೆ ಎಷ್ಟು ದೊಡ್ಡ ಕೃಷಿ ಹೊಂಡ? ಕರ್ವ್ ನಂಬರ್ ಲೆಕ್ಕ, ಹಂತ ಹಂತವಾಗಿ

ಹೊಂಡದ ಲೆಕ್ಕ ಹೆಚ್ಚಾಗಿ ತಪ್ಪುವುದು ಒಂದೇ ಜಾಗದಲ್ಲಿ. ಬಿದ್ದ ಮಳೆಯಲ್ಲಿ ಎಷ್ಟು ನೀರು ಹರಿದು ಬರುತ್ತದೆ ಎಂದು ಹೇಳುವ ಕರ್ವ್ ನಂಬರ್ ಸೂತ್ರ ಕೈಗೆ ಸಿಕ್ಕ ಕೂಡಲೇ ಇಡೀ ಮಳೆಗಾಲದ ಮಳೆಯನ್ನು ಒಟ್ಟು ಮಾಡಿ ಅದರೊಳಗೆ ಹಾಕಿಬಿಡುತ್ತಾರೆ. ಬಿದ್ದ ಮಳೆಯಲ್ಲಿ ನೂರಕ್ಕೆ ತೊಂಬತ್ತು ಪಾಲು ಹರಿದು ಬರುತ್ತದೆ ಎಂಬ ಉತ್ತರ ಬರುತ್ತದೆ. ಅದನ್ನು ನಂಬಿ ಹೊಂಡ ತೋಡಿದರೆ ಮಳೆ ಕಡಿಮೆಯಾದ ವರ್ಷ ಅದು ಅರ್ಧವೂ ತುಂಬುವುದಿಲ್ಲ. ಈ ಸೂತ್ರವನ್ನು ಕಟ್ಟಿರುವುದು ಒಂದು ದಿನದ ಮಳೆಗೆ. ತಿಂಗಳ ಮಳೆಗೂ ವರ್ಷದ ಮಳೆಗೂ ಅದು ಹೊಂದುವುದಿಲ್ಲ.

ಇಲ್ಲಿ ಬಿಡಿಸಿ ತೋರಿಸುವ ಉದಾಹರಣೆ ಶಿರಸಿ ತಾಲ್ಲೂಕಿನ ಪೂರ್ವದ ಅಂಚಿನದು, ಅಂದರೆ ಬನವಾಸಿ ಕಡೆಯ ಜಾಗದ್ದು. ಘಟ್ಟದ ಅಂಚಿಗೆ ಹೋಲಿಸಿದರೆ ಅಲ್ಲಿ ಮಳೆ ಬಹಳ ಕಡಿಮೆ, ಹರಿದು ಬರುವ ನೀರಿನ ಲೆಕ್ಕ ನಿಜವಾಗಿ ಬೇಕಾಗುವುದು ಅಲ್ಲೇ. ಪಶ್ಚಿಮದ ಕಡೆ 2500 ಮಿಲಿಮೀಟರ್ ಮಳೆ ಬೀಳುವ ಜಾಗದಲ್ಲಿ ಶೀಟು ಹಾಸಿದ 3 ಮೀಟರ್ ಆಳದ ಹೊಂಡ ನೇರವಾಗಿ ತನ್ನ ಮೇಲೆ ಬಿದ್ದ ಮಳೆಯಿಂದಲೇ ಹೆಚ್ಚುಕಡಿಮೆ ತುಂಬಿಕೊಳ್ಳುತ್ತದೆ. ಅಂಥಲ್ಲಿ ಗುಡ್ಡದ ನೀರನ್ನು ಒಳಗೆ ಬಿಟ್ಟರೆ ಸಿಗುವುದು ಹೂಳು ಮಾತ್ರ, ಹಾಗಾಗಿ ಅವರಿಗೆ ಈ ಲೆಕ್ಕ ಕೋಡಿಯ ಅಳತೆಗಷ್ಟೇ ಸಾಕು.

## ಬೇಕಾಗುವ ಸಾಮಾನು

ಹತ್ತು ಹದಿನೈದು ವರ್ಷಗಳ ದಿನವಾರು ಮಳೆಯ ಅಂಕಿ ಬೇಕು. ಹತ್ತಿರದ ಮಳೆಮಾಪಕದ್ದು ಸಿಗದಿದ್ದರೆ ಹೋಬಳಿಯದ್ದು ನಡೆಯುತ್ತದೆ. ತಿಂಗಳ ಮೊತ್ತದ ಪಟ್ಟಿ ಈ ಕೆಲಸಕ್ಕೆ ಬಾರದು. ಜೊತೆಗೆ 30 ಮೀಟರಿನ ಟೇಪು, ಮಟ್ಟ ನೋಡಲು ನೀರು ತುಂಬಿದ ಪಾರದರ್ಶಕ ಪೈಪು, ಹಾರೆ, ಗುದ್ದಲಿ, ಮತ್ತು ಸ್ಪ್ರೆಡ್‌ಶೀಟ್ ತೆರೆಯುವ ಒಂದು ಕಂಪ್ಯೂಟರ್ ಅಥವಾ ಮೊಬೈಲ್ ಇದ್ದರೆ ಆಯಿತು.

## 1. ಮೊದಲು ಬೇಕಾದ ನೀರು, ಆಮೇಲೆ ಬರುವ ನೀರು

ಎಷ್ಟು ಹರಿದು ಬರುತ್ತದೆಯೋ ಅಷ್ಟು ದೊಡ್ಡ ಹೊಂಡ ಎಂದು ಹೊರಟರೆ ಮಲೆನಾಡಿನಲ್ಲಿ ಕೆರೆಯನ್ನೇ ತೋಡಬೇಕಾದೀತು. ಅಳತೆಯನ್ನು ನಿರ್ಧರಿಸಬೇಕಾದದ್ದು ಬೇಸಿಗೆಯ ಖರ್ಚು. ಆ ಅಳತೆಯ ಹೊಂಡ ಕೆಟ್ಟ ವರ್ಷದಲ್ಲೂ ತುಂಬುತ್ತದೆಯೇ ಎಂಬುದಷ್ಟನ್ನೇ ಕರ್ವ್ ನಂಬರ್ ಹೇಳಬೇಕು.

ನಮ್ಮ ಉದಾಹರಣೆಯ ತೋಟ ಒಂದು ಎಕರೆ. 2.7 ಮೀಟರ್ ಅಂತರದಲ್ಲಿ 550 ಅಡಿಕೆ ಮರಗಳಿವೆ. ಹಳ್ಳದ ನೀರು ಫೆಬ್ರವರಿ ಮಧ್ಯದವರೆಗೆ ಸಿಗುತ್ತದೆ, ಅಲ್ಲಿಂದ ಮೇ 25ರವರೆಗಿನ 100 ದಿನ ಹೊಂಡವೇ ಗತಿ. ಹನಿ ನೀರಾವರಿಯಲ್ಲಿ ಅಡಿಕೆಗೆ ದಿನಕ್ಕೆ ಮರವೊಂದಕ್ಕೆ 16ರಿಂದ 20 ಲೀಟರ್ ಕೊಡುವುದು ರೂಢಿ. 16 ಲೀಟರ್ ಹಿಡಿದರೆ ದಿನಕ್ಕೆ 8800 ಲೀಟರ್, ನೂರು ದಿನಕ್ಕೆ 880 ಘನ ಮೀಟರ್. ಪೈಪಿನ ಸೋರಿಕೆ, ಫಿಲ್ಟರ್ ತೊಳೆಯುವುದು ಇತ್ಯಾದಿಗೆ ನೂರಕ್ಕೆ ಹತ್ತು ಬಿಟ್ಟು, 880ನ್ನು 0.9ರಿಂದ ಭಾಗಿಸಿ 980 ಘನ ಮೀಟರ್ ಎಂದು ಬರೆದುಕೊಳ್ಳಿ.

ತೋಟಕ್ಕೆ ಈಗಲೂ ಕಾದಿಗೆಯಲ್ಲಿ ನೀರು ಬಿಡುತ್ತಿದ್ದರೆ ಈ ಅಂಕಿ ದುಪ್ಪಟ್ಟನ್ನೂ ದಾಟುತ್ತದೆ. ಹನಿ ಪೈಪು ಹಾಕಿಸುವ ವಿಚಾರ ಹೊಂಡಕ್ಕಿಂತ ಮೊದಲು ತೀರ್ಮಾನವಾಗಲಿ.

## 2. ಆವಿಯನ್ನು ಸೇರಿಸಿ ಹೊಂಡದ ಆಕಾರ ಹಿಡಿಯುವುದು

980 ಘನ ಮೀಟರ್ ಬೇಕೆಂದು ಅಷ್ಟೇ ಗಾತ್ರದ ಹೊಂಡ ತೋಡಿದವರಿಗೆ ಏಪ್ರಿಲ್ ಕೊನೆಗೆ ತಳ ಕಾಣುತ್ತದೆ. ಚಿತ್ತೆ ಮಳೆ ಮುಗಿಯುವ ಹೊತ್ತಿಗೆ ತುಂಬಿದ ಹೊಂಡ ಬಳಕೆ ಶುರುವಾಗುವ ತನಕ ನಾಲ್ಕು ತಿಂಗಳು ಸುಮ್ಮನೆ ಬಿಸಿಲಿಗೆ ಒಡ್ಡಿಕೊಂಡಿರುತ್ತದೆ. ಅಕ್ಟೋಬರ್ 15ರಿಂದ ಫೆಬ್ರವರಿ 14ರವರೆಗೆ 123 ದಿನ. ದಿನಕ್ಕೆ 3 ಮಿಲಿಮೀಟರ್ ಆವಿಯಾಗುತ್ತದೆ ಎಂದು ಹಿಡಿದರೆ ಒಂದು ಬಾಟಲಿ ನೀರನ್ನೂ ಬಳಸುವ ಮೊದಲೇ 37 ಸೆಂಟಿಮೀಟರ್ ಇಳಿದಿರುತ್ತದೆ. ಆಮೇಲಿನ ನೂರು ದಿನಕ್ಕೆ ದಿನಕ್ಕೆ 4 ಮಿಲಿಮೀಟರಿನಂತೆ ಇನ್ನೂ 40 ಸೆಂಟಿಮೀಟರ್.

ಆವಿ ಎಷ್ಟೆಂಬುದು ನೀರಿನ ಮೇಲ್ಮೈಯನ್ನು ಅವಲಂಬಿಸಿದೆ, ಮೇಲ್ಮೈ ಹೊಂಡದ ಗಾತ್ರವನ್ನು. ಆದ್ದರಿಂದ ಒಂದು ಅಳತೆ ಊಹಿಸಿ, ಲೆಕ್ಕ ಹಾಕಿ, ಸಾಲದಿದ್ದರೆ ತಿದ್ದಬೇಕು. ಇಳಿಜಾರು ಗೋಡೆಯ ಹೊಂಡದ ಗಾತ್ರಕ್ಕೆ ಮೇಲಿನ, ನಡುವಿನ, ತಳದ ವಿಸ್ತೀರ್ಣ ಮೂರೂ ಬೇಕು:

```
V = (ಆಳ / 6) × (ಮೇಲಿನ + 4 × ನಡುವಿನ + ತಳದ ವಿಸ್ತೀರ್ಣ)
```

ಮೇಲಿನ ಮತ್ತು ತಳದ ವಿಸ್ತೀರ್ಣದ ಸರಾಸರಿ ತೆಗೆದು ಆಳದಿಂದ ಗುಣಿಸಿದರೆ ಹೊಂಡ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಉದ್ದ ಗುಣಿಸು ಅಗಲ ಗುಣಿಸು ಆಳ ಎಂದು ಹೇಳುವ ಗುತ್ತಿಗೆದಾರನ ಲೆಕ್ಕ ಅದಕ್ಕಿಂತಲೂ ದೂರ.

ನೀರಿನ ಮಟ್ಟದಲ್ಲಿ 30 × 24 ಮೀಟರ್, ಆಳ 3 ಮೀಟರ್, ಗೋಡೆಯ ಇಳಿಜಾರು ಒಂದು ಮೀಟರ್ ಆಳಕ್ಕೆ ಒಂದೂವರೆ ಮೀಟರ್ ಎಂದು ಮೊದಲ ಊಹೆ. ತಳ 21 × 15 ಆಗುತ್ತದೆ, ಒಟ್ಟು ಗಾತ್ರ 1512 ಘನ ಮೀಟರ್. ಮೊದಲ ನಾಲ್ಕು ತಿಂಗಳ ಆವಿ 255. ಬಳಕೆಯ ಕಾಲದಲ್ಲಿ ನೀರು ಇಳಿದಂತೆ ಮೇಲ್ಮೈ ಕಿರಿದಾಗುವುದರಿಂದ ಸರಾಸರಿ 515 ಚದರ ಮೀಟರ್ ಹಿಡಿದು 206. ತಳದ 30 ಸೆಂಟಿಮೀಟರನ್ನು ಹೂಳಿಗೆ ಬಿಟ್ಟರೆ ಅದು ಸುಮಾರು 100. ಇವಕ್ಕೆ 980 ಸೇರಿಸಿದರೆ 1541. 29 ಘನ ಮೀಟರ್ ಸಾಲಲಿಲ್ಲ.

ಉದ್ದವನ್ನು 32 ಮೀಟರಿಗೆ ಎಳೆದು ಮತ್ತೆ ಹಾಕೋಣ. ತಳ 23 × 15, ಗಾತ್ರ 1629. ಆವಿ ಎರಡೂ ಸೇರಿ 492, ಹೂಳಿನ ಜಾಗ 109, ತೋಟಕ್ಕೆ 980, ಒಟ್ಟು 1581. ಈಗ 48 ಘನ ಮೀಟರ್ ಉಳಿಯುತ್ತದೆ, ಅಂದರೆ ಐದು ದಿನದ ನೀರು. ಇಲ್ಲಿಗೆ ನಿಲ್ಲಿಸಬಹುದು.

ನೀರಿನ ಮಟ್ಟದ ಮೇಲೆ ಅರ್ಧ ಮೀಟರ್ ಖಾಲಿ ಅಂಚು ಇರಬೇಕು. ಹಾಗಾಗಿ ನೆಲದ ಮಟ್ಟದಲ್ಲಿ ತೋಡುವ ಅಳತೆ 33.5 × 25.5 ಮೀಟರ್. ಶೀಟಿಗೆ ಇಳಿಜಾರಿನ ಉದ್ದ ಪ್ರತಿ ಬದಿಗೆ 6.31 ಮೀಟರ್, ಅಂಚಿನ ಕಾಲುವೆಯಲ್ಲಿ ಹೂಳಲು ಒಂದೊಂದು ಮೀಟರ್. ಎಲ್ಲ ಸೇರಿ 37.6 × 29.6 ಮೀಟರ್. ಹೊಂಡ ತೋಡಿ ಅಳೆದ ಮೇಲೆಯೇ ಶೀಟು ಕತ್ತರಿಸಲು ಹೇಳಿ, ಜೆಸಿಬಿ ಎಂದೂ ಕಾಗದದ ಅಳತೆಗೆ ತೋಡುವುದಿಲ್ಲ.

ಶೀಟು ಇಲ್ಲದೆ ಈ ಲೆಕ್ಕ ನಿಲ್ಲುವುದಿಲ್ಲ. ಚಿರೆಕಲ್ಲಿನ ನೆಲದಲ್ಲಿ ಇಂಗುವ ನೀರು ಆವಿಗಿಂತ ಎಷ್ಟೋ ಪಾಲು ಹೆಚ್ಚು, ಬರಿಯ ಮಣ್ಣಿನ ಹೊಂಡ ದೀಪಾವಳಿ ಕಳೆದು ಎರಡು ತಿಂಗಳಲ್ಲಿ ಒಣಗಿದರೂ ಆಶ್ಚರ್ಯವಿಲ್ಲ.

## 3. ನೀರು ಬರುವ ಜಾಗವನ್ನು ಮಳೆಯಲ್ಲೇ ನಡೆದು ನೋಡುವುದು

ನಕ್ಷೆಯಲ್ಲಿ ಗೆರೆ ಎಳೆದು ಜಲಾನಯನದ ವಿಸ್ತೀರ್ಣ ತೆಗೆಯುವವರು ಒಂದು ಸಂಗತಿ ಮರೆಯುತ್ತಾರೆ. ನಮ್ಮ ಕಡೆ ಬ್ಯಾಣಕ್ಕೂ ಬೆಟ್ಟಕ್ಕೂ ದನ ನುಗ್ಗದಂತೆ ಅಗಳ ತೋಡಿರುತ್ತಾರೆ. ಗುಡ್ಡದಿಂದ ಇಳಿದ ನೀರು ಆ ಅಗಳಕ್ಕೆ ಬಿದ್ದು ಪಕ್ಕದವರ ಜಾಗಕ್ಕೆ ಹೋಗಿಬಿಡುತ್ತದೆ. ರಸ್ತೆಯ ಪಕ್ಕದ ಗಟಾರವೂ ಹಾಗೆಯೇ. ನಕ್ಷೆಯಲ್ಲಿ ಎರಡು ಹೆಕ್ಟೇರ್ ಕಂಡದ್ದು ನೆಲದಲ್ಲಿ ಒಂದೇ ಇರಬಹುದು.

ಜುಲೈಯಲ್ಲಿ ಜೋರು ಮಳೆ ಬರುವಾಗ ಹೊಂಡದ ಜಾಗದಿಂದ ಮೇಲಕ್ಕೆ ನೀರಿನ ಜಾಡು ಹಿಡಿದು ನಡೆಯಿರಿ. ಎಲ್ಲಿ ನೀರು ಬೇರೆ ಕಡೆ ತಿರುಗುತ್ತದೆಯೋ ಅಲ್ಲಿ ಗೂಟ ಹೊಡೆಯಿರಿ. ಮಳೆ ನಿಂತ ಮೇಲೆ ಗೂಟಗಳ ನಡುವೆ ಅಳೆಯಿರಿ. ಹೊಂಡ ತೋಟಕ್ಕಿಂತ ಎತ್ತರದಲ್ಲಿದ್ದರೆ ಪಂಪಿಲ್ಲದೆ ನೀರು ಇಳಿಯುತ್ತದೆ, ನಿಜ. ಆದರೆ ಎತ್ತರಕ್ಕೆ ಹೋದಷ್ಟೂ ಮೇಲಿನಿಂದ ಬರುವ ನೀರಿನ ಜಾಗ ಕಿರಿದಾಗುತ್ತದೆ.

ಉದಾಹರಣೆಯಲ್ಲಿ ಹೀಗೆ ಸಿಕ್ಕಿದ್ದು ಒಟ್ಟು 1 ಹೆಕ್ಟೇರ್, ಸುಮಾರು ಎರಡೂವರೆ ಎಕರೆ. ಅದರಲ್ಲಿ 0.6 ದನ ಮೇಯುವ ಬ್ಯಾಣ, 0.3 ಸೊಪ್ಪಿನ ಬೆಟ್ಟ, 0.1 ಮಣ್ಣಿನ ದಾರಿ ಮತ್ತು ಅಂಗಳ.

## 4. ಕರ್ವ್ ನಂಬರ್ ಆರಿಸುವುದು

ಕರ್ವ್ ನಂಬರ್ ಎಂಬುದು ನೆಲ ಎಷ್ಟು ನೀರನ್ನು ಹೊರಗೆ ತಳ್ಳುತ್ತದೆ ಎಂಬುದರ ಅಂಕ. ನೂರಾದರೆ ಬಿದ್ದದ್ದೆಲ್ಲ ಹರಿಯುತ್ತದೆ, ಅಂಕ ಇಳಿದಷ್ಟೂ ನೆಲ ಹೆಚ್ಚು ಕುಡಿಯುತ್ತದೆ. ಮಣ್ಣಿನ ಗುಂಪು ಮತ್ತು ನೆಲದ ಹೊದಿಕೆ ಎರಡನ್ನೂ ನೋಡಿ ಕೋಷ್ಟಕದಿಂದ ಆರಿಸಬೇಕು.

ಮಣ್ಣಿನ ಗುಂಪುಗಳು ನಾಲ್ಕು. ಎ ಗುಂಪಿನಲ್ಲಿ ನೀರು ಬೇಗ ಇಂಗುತ್ತದೆ, ಡಿ ಗುಂಪಿನಲ್ಲಿ ಇಂಗುವುದೇ ಕಷ್ಟ. ನಮ್ಮ ಕೆಂಪು ಗರಸು ಮಣ್ಣನ್ನು ಮೇಲಿನಿಂದ ನೋಡಿ ಎ ಎನ್ನುವ ಆಸೆ ಹುಟ್ಟುತ್ತದೆ. ಹಾರೆ ಇಳಿಸಿ ನೋಡಿ. ಅರ್ಧ ಮೀಟರಿನೊಳಗೆ ಗಟ್ಟಿ ಚಿರೆಕಲ್ಲು ತಾಗಿದರೆ ಮೇಲಿನ ಮಣ್ಣು ಎಷ್ಟೇ ಸಡಿಲವಿದ್ದರೂ ಅದು ಬೇಗ ತುಂಬಿ ಹರಿಯತೊಡಗುತ್ತದೆ, ಡಿ ಎನ್ನಬೇಕು. ಇಲ್ಲಿ ಬ್ಯಾಣದಲ್ಲಿ ಕಲ್ಲು ಸುಮಾರು 70 ಸೆಂಟಿಮೀಟರಿಗೆ ಸಿಕ್ಕಿತು, ಮೇಲ್ಮಣ್ಣು ದನದ ಕಾಲಿಗೆ ತುಳಿದು ಬಿಗಿಯಾಗಿದೆ, ಆದ್ದರಿಂದ ಸಿ. ಬೆಟ್ಟದಲ್ಲಿ ಮೀಟರ್ ಇಳಿದರೂ ಮಣ್ಣೇ, ಮೇಲೆ ದರಕು ಹಾಸಿದೆ. ಅದು ಬಿ.

ಬ್ಯಾಣ, ಮಧ್ಯಮ ಹುಲ್ಲು, ಸಿ ಗುಂಪು: 79. ಮಣ್ಣಿನ ದಾರಿ, ಸಿ ಗುಂಪು: 87. ಕಾಡಿನ ಅಂಕದಲ್ಲಿ ಮಾತ್ರ ಕೋಷ್ಟಕಗಳು ಜಗಳವಾಡುತ್ತವೆ. ಬಿ ಗುಂಪಿನ ತೆರೆದ ಕಾಡಿಗೆ ಭಾರತದ ಕೋಷ್ಟಕ 44 ಎನ್ನುತ್ತದೆ, ಅಮೆರಿಕದ್ದು ಮಧ್ಯಮ ಸ್ಥಿತಿಯ ಕಾಡಿಗೆ 60 ಎನ್ನುತ್ತದೆ. ಎರಡರ ನಡುವೆ ಸರಾಸರಿ ತೆಗೆಯಬೇಡಿ. ಹೊಂಡ ತುಂಬುತ್ತದೆಯೇ ಎಂದು ನೋಡುವಾಗ ಕಡಿಮೆಯದನ್ನು ಹಿಡಿಯಿರಿ, ಕೋಡಿ ಎಷ್ಟು ಅಗಲ ಎಂದು ನೋಡುವಾಗ ಹೆಚ್ಚಿನದನ್ನು. ತಪ್ಪಾದರೂ ಎರಡೂ ಕಡೆ ನಿಮ್ಮ ಪರವಾಗಿಯೇ ತಪ್ಪುತ್ತದೆ.

ತುಂಬುವ ಲೆಕ್ಕಕ್ಕೆ ವಿಸ್ತೀರ್ಣದ ಪಾಲಿನಂತೆ ಕೂಡಿಸಿದರೆ 47.4 + 13.2 + 8.7 = 69.3, ಅಂದರೆ 69.

ಇದು ನೆಲ ಸಾಧಾರಣ ಹಸಿಯಿದ್ದಾಗಿನ ಅಂಕ. ಒಣಗಿದ ನೆಲಕ್ಕೂ ನೆನೆದ ನೆಲಕ್ಕೂ ಬೇರೆ ಅಂಕ ಬೇಕು:

```
ಒಣ ನೆಲ:   4.2 × 69 / (10 − 0.058 × 69) = 48
ನೆನೆದ ನೆಲ: 23 × 69 / (10 + 0.13 × 69)  = 84
```

ಯಾವ ದಿನ ಯಾವುದನ್ನು ಬಳಸಬೇಕೆಂಬುದನ್ನು ಹಿಂದಿನ ಐದು ದಿನಗಳ ಮಳೆ ಹೇಳುತ್ತದೆ. ಬೆಳೆಗಾಲದಲ್ಲಿ ಆ ಮೊತ್ತ 36 ಮಿಲಿಮೀಟರಿಗಿಂತ ಕಡಿಮೆಯಾದರೆ ಒಣ, 36ರಿಂದ 53 ಸಾಧಾರಣ, ಅದರ ಮೇಲೆ ನೆನೆದದ್ದು. ಇಡೀ ಮಳೆಗಾಲಕ್ಕೆ 69 ಒಂದನ್ನೇ ಹಿಡಿದರೆ ಜೂನ್ ಆರಂಭದಲ್ಲಿ ಇಲ್ಲದ ನೀರು ಬರುತ್ತದೆ, ಆರಿದ್ರಾ ಮಳೆ ಹಿಡಿದ ಮೇಲೆ ಬರುವ ನೀರು ಲೆಕ್ಕದಿಂದ ಜಾರುತ್ತದೆ.

## 5. ದಿನಕ್ಕೊಂದು ಸಾಲಿನಂತೆ ಹರಿವು ತೆಗೆಯುವುದು

ನೆಲ ಹಿಡಿದಿಟ್ಟುಕೊಳ್ಳುವ ಗರಿಷ್ಠ ನೀರು S. ಅದರ ಒಂದು ಪಾಲು ಎಲೆ, ದರಕು, ಗುಂಡಿಗಳಲ್ಲಿ ಮೊದಲೇ ಹೋಗುತ್ತದೆ, ಅಷ್ಟು ತೀರಿದ ಮೇಲೆಯೇ ಹರಿವು. ಈ ಪಾಲನ್ನು ಅಮೆರಿಕದ ಪುಸ್ತಕಗಳು 0.2 ಎಂದು ಹಿಡಿಯುತ್ತವೆ. ನಮ್ಮಲ್ಲಿ ಕಪ್ಪು ಮಣ್ಣಲ್ಲದ ನೆಲಕ್ಕೆ 0.3 ಹಿಡಿಯುವುದು ವಾಡಿಕೆ. ಮೊಬೈಲಿನಲ್ಲಿ ಸಿಗುವ ಸಿದ್ಧ ಕ್ಯಾಲ್ಕ್ಯುಲೇಟರುಗಳಲ್ಲಿ 0.2 ಕೂತಿರುತ್ತದೆ, ನೋಡಿಕೊಳ್ಳಿ.

```
S = 25400 / CN − 254
Q = (P − 0.3S)² / (P + 0.7S)      P > 0.3S ಇದ್ದಾಗ ಮಾತ್ರ
```

CN ಎಂದರೆ ಕರ್ವ್ ನಂಬರ್. P ದಿನದ ಮಳೆ, Q ಹರಿವು, S ಸೇರಿ ಮೂರೂ ಮಿಲಿಮೀಟರಿನಲ್ಲಿ. ಕೆಲವು ಹಳೆಯ ಪುಸ್ತಕಗಳಲ್ಲಿ 25400ರ ಬದಲು 1000 ಎಂದಿರುತ್ತದೆ. ಅದು ಇಂಚಿನ ಸೂತ್ರ, ಎರಡನ್ನೂ ಬೆರೆಸಬಾರದು.

ಸ್ಪ್ರೆಡ್‌ಶೀಟಿನಲ್ಲಿ ಮೊದಲ ಕಾಲಂ ದಿನಾಂಕ, ಎರಡನೆಯದು ಮಳೆ. ಏಳನೆಯ ಸಾಲಿನಿಂದ ಹೀಗೆ ಬರೆದು ಕೆಳಗೆ ಎಳೆಯಿರಿ:

```
C7: =SUM(B2:B6)
D7: =IF(C7<36,48,IF(C7<=53,69,84))
E7: =25400/D7-254
F7: =IF(B7>0.3*E7,(B7-0.3*E7)^2/(B7+0.7*E7),0)
G7: =F7*10*1
```

ಕೊನೆಯ ಕಾಲಂನಲ್ಲಿ 10ರ ಮುಂದಿನ 1 ಹೆಕ್ಟೇರಿನ ಅಂಕಿ. ಒಂದು ಹೆಕ್ಟೇರಿನ ಮೇಲೆ ಒಂದು ಮಿಲಿಮೀಟರ್ ನೀರು ಎಂದರೆ 10 ಘನ ಮೀಟರ್.

ನಾಲ್ಕನೆಯ ಸೂತ್ರದಲ್ಲಿರುವ `IF` ಬಿಟ್ಟುಹೋದರೆ ಬಲು ಕೆಟ್ಟ ತಪ್ಪು ಒಳಬರುತ್ತದೆ. ಮಳೆ 0.3S ಗಿಂತ ಕಡಿಮೆಯಿದ್ದಾಗ ಆವರಣದೊಳಗೆ ಋಣ ಅಂಕಿ ಬರಬೇಕು, ಆದರೆ ವರ್ಗ ಮಾಡಿದ ಕೂಡಲೇ ಅದು ಧನವಾಗುತ್ತದೆ. ಒಣ ನೆಲದ 48 ಅಂಕಕ್ಕೆ ಮಳೆ ಸೊನ್ನೆ ಎಂದು ಹಾಕಿ ನೋಡಿ, 35 ಮಿಲಿಮೀಟರ್ ಹರಿಯಿತು ಎನ್ನುತ್ತದೆ! ಮಳೆಯೇ ಇಲ್ಲದ ದಿನ ಹರಿವಿನ ಕಾಲಂನಲ್ಲಿ ಅಂಕಿ ಕಂಡರೆ ಸೂತ್ರವನ್ನು ಮತ್ತೆ ಬರೆಯಿರಿ.

ಜೂನ್ ನಡುವಿನ ಒಂದು ವಾರವನ್ನು ಮಾದರಿಗೆ ಹಿಡಿಯೋಣ. ಅದಕ್ಕೆ ಮೊದಲಿನ ಐದು ದಿನ 0, 4, 0, 6, 10 ಮಿಲಿಮೀಟರ್ ಬಿದ್ದಿದೆ.

| ದಿನ | ಮಳೆ (ಮಿಮೀ) | ಹಿಂದಿನ 5 ದಿನ | ಅಂಕ | ಹರಿವು (ಮಿಮೀ) |
|---|---|---|---|---|
| 1 | 42 | 20 | 48 | 0 |
| 2 | 18 | 62 | 84 | 0.2 |
| 3 | 55 | 76 | 84 | 18.5 |
| 4 | 30 | 131 | 84 | 3.8 |
| 5 | 9 | 155 | 84 | 0 |
| 6 | 71 | 154 | 84 | 30.4 |
| 7 | 26 | 183 | 84 | 2.2 |

ಮೊದಲ ದಿನ 42 ಮಿಲಿಮೀಟರ್ ಹೊಯ್ದರೂ ಹನಿ ಹರಿಯಲಿಲ್ಲ, ಒಣ ನೆಲ ಪೂರ್ತಿ ಕುಡಿಯಿತು. ವಾರದ ನೀರಿನಲ್ಲಿ ಬಹುಪಾಲು ಬಂದದ್ದು ಮೂರನೆಯ ಮತ್ತು ಆರನೆಯ ದಿನ. ಒಟ್ಟು ಮಳೆ 251, ಹರಿವು 55 ಮಿಲಿಮೀಟರ್, ಅಂದರೆ ಹೊಂಡಕ್ಕೆ 551 ಘನ ಮೀಟರ್.

ಇದೇ 251ನ್ನು ಒಂದೇ ದಿನದ ಮಳೆಯೆಂಬಂತೆ ನೆನೆದ ನೆಲದ ಅಂಕಕ್ಕೆ ಹಾಕಿದರೆ 196 ಮಿಲಿಮೀಟರ್ ಹರಿವು ಬರುತ್ತದೆ, 1960 ಘನ ಮೀಟರ್. ಒಂದೇ ವಾರದಲ್ಲಿ ಹೊಂಡ ತುಂಬಿ ಕೋಡಿ ಹರಿಯಿತು ಎಂದು ಕಾಗದ ಹೇಳುತ್ತದೆ, ನೆಲದಲ್ಲಿ ನೋಡಿದರೆ ಗುಡ್ಡದಿಂದ ಬಂದದ್ದು ಹೊಂಡದ ಮೂರನೆಯ ಒಂದು ಪಾಲು. ವಾರದ ಮಳೆಗೇ ಮೂರೂವರೆ ಪಟ್ಟು ವ್ಯತ್ಯಾಸ ಬಂದರೆ ವರ್ಷದ ಮೊತ್ತ ಹಾಕಿದವರ ಗತಿ ಹೇಳಬೇಕಿಲ್ಲ.

## 6. ಕೆಟ್ಟ ವರ್ಷವನ್ನು ಆರಿಸಿ ಹೊಂಡ ತುಂಬಿಸಿ ನೋಡುವುದು

ಹದಿನೈದು ವರ್ಷಗಳ ಅಂಕಿಯನ್ನೂ ಮೇಲಿನಂತೆ ದಿನವಾರು ಹಾಯಿಸಿ, ಪ್ರತಿ ವರ್ಷದ ಒಟ್ಟು ಹರಿವು ತೆಗೆಯಿರಿ. ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ ಹನ್ನೆರಡನೆಯದನ್ನು ಹಿಡಿಯಿರಿ. 12ನ್ನು 16ರಿಂದ ಭಾಗಿಸಿದರೆ 0.75, ಅಂದರೆ ನಾಲ್ಕರಲ್ಲಿ ಮೂರು ವರ್ಷ ಇಷ್ಟಾದರೂ ಬರುತ್ತದೆ. ಜೋಡಿಸಬೇಕಾದದ್ದು ಹರಿವನ್ನು, ಮಳೆಯನ್ನಲ್ಲ. ಮಳೆ ಕಡಿಮೆಯಿದ್ದರೂ ನಾಲ್ಕಾರು ದಿನ ಒತ್ತಾಗಿ ಸುರಿದ ವರ್ಷ ಹೊಂಡ ತುಂಬುತ್ತದೆ, ದಿನಾ ಜಿಟಿಜಿಟಿ ಹಿಡಿದ ವರ್ಷ ಮೊತ್ತ ಹೆಚ್ಚಿದ್ದರೂ ತುಂಬದಿರಬಹುದು.

ಆ ವರ್ಷದ ಮಳೆಗಾಲದಲ್ಲಿ 900 ಮಿಲಿಮೀಟರ್ ಬಿದ್ದಿದೆ ಎಂದುಕೊಳ್ಳೋಣ. ಶೀಟಿನ ಮೇಲೆ, ಅಂದರೆ 33.5 × 25.5 ಮೀಟರ್ ಜಾಗದ ಮೇಲೆ ಬಿದ್ದದ್ದು ಪೂರ್ತಿ ಒಳಗೇ, ಸುಮಾರು 769 ಘನ ಮೀಟರ್. ಮಳೆಗಾಲದ ನಾಲ್ಕು ತಿಂಗಳ ಆವಿಗೆ 180 ಕಳೆಯಿರಿ, 589 ಉಳಿಯಿತು. ಹೊಂಡ ತುಂಬಲು ಇನ್ನು 1040 ಬೇಕು. ಒಂದು ಹೆಕ್ಟೇರಿನಿಂದ ಅದು 104 ಮಿಲಿಮೀಟರ್ ಹರಿವು, ಮಾದರಿಯಲ್ಲಿ ಕಂಡಂಥ ಎರಡು ವಾರ. ಆರಿಸಿದ ವರ್ಷದ ಹರಿವಿನ ಮೊತ್ತ 104 ದಾಟಿದರೆ ಹೊಂಡದ ಅಳತೆ ಸರಿ.

ದಾಟದಿದ್ದರೆ ಹೊಂಡ ದೊಡ್ಡದು ಮಾಡುವುದರಿಂದ ಏನೂ ಸಿಗದು, ಆವಿ ಹೆಚ್ಚುತ್ತದೆ ಅಷ್ಟೇ. ಪಕ್ಕದ ಇಳಿಜಾರಿನಿಂದ ಅಡ್ಡಗಾಲುವೆ ತೆಗೆದು ಇನ್ನಷ್ಟು ಜಾಗದ ನೀರು ತಿರುಗಿಸಬೇಕು, ಇಲ್ಲವೇ ನೀರುಣಿಸುವ ಮರಗಳನ್ನು ಕಡಿಮೆ ಮಾಡಿ ಒಂದನೆಯ ಹಂತದಿಂದ ಮತ್ತೆ ಹೊರಡಬೇಕು.

## 7. ಕೋಡಿ

ಈಗ ಲೆಕ್ಕದ ದಿಕ್ಕು ತಿರುಗುತ್ತದೆ, ಹೆಚ್ಚು ನೀರಿನ ಕಡೆಗೆ ತಪ್ಪಬೇಕು. ಬೆಟ್ಟಕ್ಕೆ 60 ಹಾಕಿದರೆ ಒಟ್ಟು ಅಂಕ 74, ನೆನೆದ ನೆಲಕ್ಕೆ 87. ಇಲ್ಲಿ 0.3ರ ಬದಲು 0.2 ಹಿಡಿಯಿರಿ. ಒಂದು ಗಂಟೆಯಲ್ಲಿ 100 ಮಿಲಿಮೀಟರ್ ಸುರಿದರೆ ಅದರಲ್ಲಿ 65 ಹರಿದು ಬರುತ್ತದೆ. ಇಷ್ಟು ಚಿಕ್ಕ ಜಾಗದಲ್ಲಿ ನೀರು ಹತ್ತು ನಿಮಿಷದಲ್ಲಿ ಕೆಳಗೆ ತಲುಪುವುದರಿಂದ ಹರಿವಿನ ತುದಿ ಸೆಕೆಂಡಿಗೆ ಸುಮಾರು 0.23 ಘನ ಮೀಟರ್, ಅಂದರೆ 230 ಲೀಟರ್.

20 ಸೆಂಟಿಮೀಟರ್ ಆಳದಲ್ಲಿ ಹರಿಯುವ ಕಲ್ಲುಕಟ್ಟಿದ ಕೋಡಿ ಮೀಟರ್ ಅಗಲಕ್ಕೆ ಸೆಕೆಂಡಿಗೆ 0.15 ಘನ ಮೀಟರ್ ಬಿಡುತ್ತದೆ. ಒಂದೂವರೆ ಮೀಟರ್ ಸಾಕಾದರೂ ದರಕು, ಟೊಂಗೆ ಸಿಕ್ಕಿಕೊಳ್ಳುವುದನ್ನು ನೆನೆದು 2 ಮೀಟರ್ ಇಡಿ. ಖಾಲಿ ಬಿಟ್ಟ ಅರ್ಧ ಮೀಟರ್ ಅಂಚಿನಲ್ಲಿ ಇನ್ನೂ 30 ಸೆಂಟಿಮೀಟರ್ ಉಳಿಯುತ್ತದೆ. ನೀರು ಒಳಬರುವ ಕಾಲುವೆಗೆ ಹಲಗೆ ಇಳಿಸುವ ಸೀಳು ಮಾಡಿಟ್ಟುಕೊಂಡು, ಹೊಂಡ ತುಂಬಿದ ದಿನವೇ ಮುಚ್ಚಿ ನೀರನ್ನು ಹೊರಗಿನಿಂದ ಸಾಗಹಾಕಿದರೆ ಹೂಳೂ ಕಡಿಮೆ. ಒಳಬರುವ ಮೊದಲು 2 × 2 ಮೀಟರ್, ಒಂದು ಮೀಟರ್ ಆಳದ ಹೂಳುಗುಂಡಿ ಇರಲಿ.

## 8. ಜೆಸಿಬಿ ಕರೆಸುವ ಮೊದಲು ಒಂದು ಗುಂಡಿ

ಹೊಂಡದ ಜಾಗದಲ್ಲಿ 4 ಮೀಟರ್ ಆಳದ ಪರೀಕ್ಷೆ ಗುಂಡಿ ತೆಗೆಯಿರಿ. ಚಿರೆಕಲ್ಲಿನ ಪದರದ ಕೆಳಗೆ ಶೇಡಿ ಮಣ್ಣು ಸಿಕ್ಕಿತೋ, ನಿಲ್ಲಿ. ಏಪ್ರಿಲಿನಲ್ಲಿ ಅದು ಕತ್ತರಿಸಿದ ಗೋಡೆಯಂತೆ ನೆಟ್ಟಗೆ ನಿಲ್ಲುತ್ತದೆ, ನೀರು ಕುಡಿದ ಮೇಲೆ ಬಲ ಕಳೆದುಕೊಂಡು ಜಾರುತ್ತದೆ. ಅಂಥಲ್ಲಿ ಗೋಡೆಯ ಇಳಿಜಾರು ಮೀಟರಿಗೆ ಎರಡು ಮೀಟರ್ ಆಗಬೇಕು, ಆಗ ಎರಡನೆಯ ಹಂತದ ಗಾತ್ರವನ್ನು ಮತ್ತೆ ಹಾಕಬೇಕು.

ಇನ್ನೊಂದು ಸಂಗತಿ ಆಗಸ್ಟಿನ ಅಂತರ್ಜಲ. ಹತ್ತಿರದ ಬಾವಿಯಲ್ಲಿ ಆಗ ನೀರು ನೆಲದಿಂದ ಎಷ್ಟು ಕೆಳಗೆ ನಿಲ್ಲುತ್ತದೆ ನೋಡಿ. ಹೊಂಡದ ತಳ ಆ ಮಟ್ಟಕ್ಕಿಂತ ಕೆಳಗಿದ್ದರೆ, ಹೊಂಡ ತುಂಬುವ ಮೊದಲೇ ಅಡಿಯಿಂದ ನೀರು ಒತ್ತಿ ಶೀಟು ಬೆನ್ನುಬ್ಬಿಸಿಕೊಂಡು ಮೇಲೇಳುತ್ತದೆ. ತಳದ 30 ಸೆಂಟಿಮೀಟರ್ ನೀರನ್ನು ಬೇಸಿಗೆಯಲ್ಲೂ ಪೂರ್ತಿ ಎತ್ತಬಾರದು ಎನ್ನುವುದಕ್ಕೆ ಹೂಳಿನಷ್ಟೇ ಈ ಒತ್ತಡವೂ ಕಾರಣ. ಮಟ್ಟದ ವ್ಯತ್ಯಾಸ ಅದಕ್ಕಿಂತ ಹೆಚ್ಚಿದ್ದರೆ ಆ ತೂಕ ಸಾಲದು. ಹೊಂಡವನ್ನು ಇಳಿಜಾರಿನಲ್ಲಿ ಮೇಲಕ್ಕೆ ಸರಿಸಬೇಕು, ಇಲ್ಲವೇ ಶೀಟಿನ ಅಡಿಗೆ ಜಲ್ಲಿಯ ಬಸಿಗಾಲುವೆ ಹಾಕಿ ನೀರನ್ನು ಕೆಳಗಿನ ಬದಿಗೆ ಬಿಡಬೇಕು.

## 9. ಮೊದಲ ಮಳೆಗಾಲದಲ್ಲಿ ಅಂಕವನ್ನು ತಿದ್ದುವುದು

ಕೋಷ್ಟಕದ ಅಂಕ ನಿಮ್ಮ ಬ್ಯಾಣವನ್ನು ನೋಡಿ ಬರೆದದ್ದಲ್ಲ. ಚಿರೆಕಲ್ಲಿನ ಬಿರುಕುಗಳಲ್ಲಿ ನೀರು ಒಳಗೊಳಗೇ ಜಾರಿ ಬೇರೆಲ್ಲೋ ಜಿನುಗುವುದು ಈ ಸೂತ್ರಕ್ಕೆ ಗೊತ್ತಿಲ್ಲ. ಹೊಂಡದೊಳಗೆ ಸೆಂಟಿಮೀಟರ್ ಗುರುತಿನ ಅಳತೆಕೋಲನ್ನು, ಪಕ್ಕದಲ್ಲೊಂದು ಮಳೆಮಾಪಕವನ್ನು ನಿಲ್ಲಿಸಿ. ಕೋಲನ್ನು ಶೀಟಿಗೆ ಚುಚ್ಚಬೇಡಿ, ಸಿಮೆಂಟಿನ ಬುಡದಲ್ಲಿ ಕೂರಿಸಿ ಅಡಿಗೆ ಹಳೆ ಟೈರಿನ ತುಂಡು ಇಡಿ. ಮಳೆಯ ದಿನ ಎಂದರೆ ಬೆಳಿಗ್ಗೆ 8.30ರಿಂದ ಮರುದಿನ 8.30, ಎರಡನ್ನೂ ಅದೇ ಹೊತ್ತಿಗೆ ಓದಬೇಕು.

ಆರನೆಯ ದಿನದಂಥ 71 ಮಿಲಿಮೀಟರ್ ಮಳೆಗೆ ಲೆಕ್ಕದಂತೆ ಗುಡ್ಡದಿಂದ 304, ನೇರವಾಗಿ 61, ಒಟ್ಟು 365 ಘನ ಮೀಟರ್ ಏರಬೇಕು. ಕೋಲು 230 ಎಂದು ತೋರಿಸಿತು ಎನ್ನಿ. 61 ಕಳೆದರೆ ಗುಡ್ಡದಿಂದ ಬಂದದ್ದು 169, ಅಂದರೆ 16.9 ಮಿಲಿಮೀಟರ್. ಸ್ಪ್ರೆಡ್‌ಶೀಟಿನಲ್ಲಿ ಅಂಕವನ್ನು 84ರಿಂದ ಒಂದೊಂದೇ ಇಳಿಸುತ್ತ ಹೋದರೆ 76ರ ಹತ್ತಿರ ಈ ಹರಿವು ಸಿಗುತ್ತದೆ. ಅದು ನೆನೆದ ನೆಲದ ಅಂಕ, ಸಾಧಾರಣ ನೆಲಕ್ಕೆ ತಿರುಗಿಸಿದರೆ:

```
10 × 76 / (23 − 0.13 × 76) = 58
```

ಒಂದೇ ಮಳೆಯನ್ನು ನಂಬಿ ಅಂಕ ಬದಲಿಸಬೇಡಿ. ಹೊಂಡ ತುಂಬುವುದಕ್ಕೆ ಮೊದಲು, ನೆಲ ನೆನೆದಿರುವಾಗ 40 ಮಿಲಿಮೀಟರ್ ದಾಟಿದ ಐದಾರು ದಿನಗಳ ಅಂಕ ತೆಗೆದು, ಜೋಡಿಸಿ ನಡುವಿನದನ್ನು ಹಿಡಿಯಿರಿ. ತುಂಬಿ ಕೋಡಿ ಹರಿಯುತ್ತಿರುವಾಗಿನ ಓದು ಉಪಯೋಗಕ್ಕಿಲ್ಲ. ಮೊದಲ ದೊಡ್ಡ ಮಳೆಗಳಲ್ಲಿ ಕಾಲುವೆ ಒಡೆದು ಅಥವಾ ಹೂಳುಗುಂಡಿ ಕಟ್ಟಿಕೊಂಡು ನೀರು ಹೊರಗೆ ಹೋದದ್ದೂ ಕಡಿಮೆ ಅಂಕವಾಗಿಯೇ ಕಾಣುತ್ತದೆ, ಹಾಗಾಗಿ ಕೋಷ್ಟಕವನ್ನು ದೂರುವ ಮೊದಲು ಕಾಲುವೆಯ ಉದ್ದಕ್ಕೂ ಒಮ್ಮೆ ನಡೆದು ಬನ್ನಿ. ತಿದ್ದಿದ ಅಂಕದಿಂದ ಐದು ಮತ್ತು ಆರನೆಯ ಹಂತವನ್ನು ಮತ್ತೆ ಹಾಯಿಸಿದರೆ, ಮುಂದಿನ ಬೇಸಿಗೆಗೆ 550 ಮರಕ್ಕೂ ನೀರು ಸಾಲುತ್ತದೆಯೋ ಅಥವಾ ಅಡ್ಡಗಾಲುವೆ ತೆಗೆಯಬೇಕೋ ಎಂಬುದು ಅಕ್ಟೋಬರಿಗೆ ಮೊದಲೇ ತಿಳಿಯುತ್ತದೆ.